ನಕ್ಷತ್ರ ಎಣಿಸುವ ಮೊದಲು ವಿಮರ್ಶಕರನ್ನು ಹುಡುಕಿ

ಧಾರವಾಡದ ಸುಭಾಸ ರಸ್ತೆಯ ಒಂದು ಅಟ್ಟ ಕನ್ನಡ ಓದುಗರಿಗೆ ಚಿರಪರಿಚಿತ. 1933ರಲ್ಲಿ ಜಿ.ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ಅದು. ಗ್ರಂಥಮಾಲೆಯ ಚಂದಾದಾರರು ಮುಂಗಡವಾಗಿ ಹಣ ಕಟ್ಟುತ್ತಿದ್ದರು, ಪುಸ್ತಕ ಆಮೇಲೆ ಮನೆಗೆ ಬರುತ್ತಿತ್ತು. 1957ರಲ್ಲಿ ರಾವ್ ಬಹಾದ್ದೂರರ ‘ಗ್ರಾಮಾಯಣ’, 1961ರಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಮತ್ತು ಗಿರೀಶ ಕಾರ್ನಾಡರ ‘ಯಯಾತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಅಲ್ಲಿಂದಲೇ. ‘ಮುಕ್ತಿ’ ದೇಸಾಯಿಯವರ ಮೊದಲ ಕಾದಂಬರಿ, ‘ಯಯಾತಿ’ ಕಾರ್ನಾಡರ ಮೊದಲ ನಾಟಕ, ‘ಸಂಸ್ಕಾರ’ ಅನಂತಮೂರ್ತಿಯವರ ಮೊದಲ ಕಾದಂಬರಿ. ಹಣ ಕಟ್ಟುವಾಗ ಮುಂದೆ ಬರುವ ಪುಸ್ತಕದ ಬಗ್ಗೆ ನಾಡು ಏನನ್ನುತ್ತದೆ ಎಂದು ತಿಳಿಯುವ ಉಪಾಯ ಆ ಚಂದಾದಾರರಿಗೆ ಇರಲಿಲ್ಲ. ಅವರು ನಂಬಿದ್ದು ಜೋಶಿಯವರ ಕಣ್ಣನ್ನು ಮತ್ತು ಅವರ ಜೊತೆಗಿದ್ದ ಕೀರ್ತಿನಾಥ ಕುರ್ತಕೋಟಿಯವರ ಓದನ್ನು.

ಇಂದಿನ ಓದುಗರ ಕೈಯಲ್ಲಿ ಫೋನಿದೆ, ಪುಸ್ತಕದ ಹೆಸರಿನ ಕೆಳಗೆ ನಕ್ಷತ್ರಗಳಿವೆ. ಕೊಳ್ಳುವ ಮುಂಚೆ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಆ ಸರಾಸರಿ ಹೇಳುವುದೇನು? ಒಂದು ಕಾದಂಬರಿಗೆ ಹತ್ತು ಜನ ಅಂಕ ಕೊಟ್ಟಿದ್ದಾರೆ ಎಂದುಕೊಳ್ಳಿ. ಐವರು ಐದೈದು, ಐವರು ಒಂದೊಂದು, ಸರಾಸರಿ ಮೂರು. ಇನ್ನೊಂದಕ್ಕೆ ಹತ್ತೂ ಜನ ಮೂರು ಮೂರೇ ಕೊಟ್ಟಿದ್ದಾರೆ; ಅದರ ಸರಾಸರಿಯೂ ಮೂರು. ಎರಡನೆಯದು ಯಾರನ್ನೂ ಕೆಣಕದ ಪುಸ್ತಕ, ಮೊದಲನೆಯದು ಯಾರನ್ನೂ ಸುಮ್ಮನೆ ಬಿಡದ ಪುಸ್ತಕ. ಪರದೆಯ ಮೇಲೆ ಎರಡೂ ಒಂದೇ. ಕನ್ನಡದ ಬಹುಪಾಲು ಪುಸ್ತಕಗಳಿಗೆ ಅಂಕ ಕೊಡುವವರೇ ಬೆರಳೆಣಿಕೆಯಷ್ಟು ಮಂದಿ. ಲೇಖಕರ ನಾಲ್ಕು ಜನ ಗೆಳೆಯರು ಸೇರಿದರೂ ಲೆಕ್ಕ ಏರುಪೇರಾಗುತ್ತದೆ. ದೊಡ್ಡ ಗಾತ್ರದ ಕಾದಂಬರಿಗೆ ಮತ್ತೊಂದು ತೊಡಕಿದೆ. ನೂರು ಪುಟಕ್ಕೇ ಕೈಬಿಟ್ಟವರು ಸಾಮಾನ್ಯವಾಗಿ ಅಂಕ ಕೊಡಲು ಹೋಗುವುದಿಲ್ಲ, ಕೊನೆಯವರೆಗೂ ಓದಿದವರು ಕೊಡುತ್ತಾರೆ. ಹಾಗಾಗಿ ಮೆಚ್ಚಿದವರ ಮಾತೇ ಹೆಚ್ಚಾಗಿ ಕಾಣುತ್ತದೆ.

ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಮುದ್ರಣದ ಮೇಲೆ ಮುದ್ರಣ ಕಂಡಿತು. ಅದೇ ವೇಳೆಗೆ ಅನಂತಮೂರ್ತಿಯವರು ಅದನ್ನು ಬಹಿರಂಗವಾಗಿ, ಕಟುವಾಗಿ ಟೀಕಿಸಿದರು. ‘ಪರ್ವ’ವನ್ನು ಎದೆಗೆ ಹಚ್ಚಿಕೊಂಡ ಓದುಗರಿಗೆ ‘ಆವರಣ’ ಹಿಡಿಸುತ್ತದೆಯೇ? ಇದಕ್ಕೆ ಯಾವ ಸರಾಸರಿಯಲ್ಲೂ ಉತ್ತರವಿಲ್ಲ. ಎರಡನ್ನೂ ಓದಿ, ಒಂದು ಕಾದಂಬರಿ ಕಟ್ಟುವ ಬಗೆಗೂ ಇನ್ನೊಂದು ಕಟ್ಟುವ ಬಗೆಗೂ ಇರುವ ಅಂತರವನ್ನು ಬಿಡಿಸಿ ಹೇಳಿದ ಒಬ್ಬ ವಿಮರ್ಶಕರಲ್ಲಿ ಉತ್ತರವಿದೆ.

ಕಮಲಾಪುರದಲ್ಲಿ ಮನೆ, ಕಲಬುರಗಿಯಲ್ಲಿ ಕೆಲಸ ಇರುವ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಹೋಗಿಬರುವ ಹೊತ್ತೇ ಅವರ ಓದಿನ ಹೊತ್ತು. ತಿಂಗಳಿಗೆ ಒಂದು ಪುಸ್ತಕಕ್ಕಿಂತ ಹೆಚ್ಚು ಕೊಳ್ಳಲಾಗದು, ಆದ್ದರಿಂದ ಆಯ್ಕೆ ಕೆಟ್ಟರೆ ಒಂದು ತಿಂಗಳು ಹೋಯಿತು. ಅವರು ಮನಸಾರೆ ಮೆಚ್ಚಿದ್ದು ‘ಗ್ರಾಮಾಯಣ’, ‘ಸಂಸ್ಕಾರ’, ‘ಪರ್ವ’ ಮತ್ತು ಗೀತಾ ನಾಗಭೂಷಣರ ‘ಬದುಕು’. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಎಲ್ಲರೂ ಹೊಗಳಿದ್ದಕ್ಕೆ ಹಿಡಿದು, ಅರ್ಧಕ್ಕೆ ಬಿಟ್ಟಿದ್ದಾರೆ. ಈ ಐದು ಪುಸ್ತಕಗಳೇ ಅವರ ಒರೆಗಲ್ಲು. ಇಬ್ಬರು ವಿಮರ್ಶಕರ ಹಳೆಯ ಬರಹಗಳನ್ನು ಎದುರಿಗಿಟ್ಟು ಈ ಐದರ ಬಗ್ಗೆ ಯಾರು ಏನೆಂದಿದ್ದಾರೆ ಎಂದು ನೋಡುತ್ತಾರೆ.

ಮೊದಲನೆಯ ವಿಮರ್ಶಕ ನಾಲ್ಕರಲ್ಲಿ ಅವರ ಜೊತೆಗಿದ್ದಾರೆ: ಮೂರು ಹೆಸರಾಂತ ಕಾದಂಬರಿಗಳನ್ನು ಮೆಚ್ಚಿದ್ದಾರೆ, ‘ಶಿಕಾರಿ’ ನೀರಸ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ‘ಬದುಕು’ ಕೃತಿಯನ್ನು ಮಾತ್ರ ‘ಆಡುಮಾತಿನ ಭಾರ’ ಎಂದು ತಳ್ಳಿದ್ದಾರೆ. ಎರಡನೆಯವರು ‘ಪರ್ವ’ದ ಬಗ್ಗೆ ತಕರಾರು ಎತ್ತಿದ್ದಾರೆ, ‘ಶಿಕಾರಿ’ಯನ್ನು ಮೆಚ್ಚಿದ್ದಾರೆ, ಅಂದರೆ ಒಪ್ಪಿಗೆ ‘ಬದುಕು’ ಸೇರಿ ಮೂರರಲ್ಲಿ ಮಾತ್ರ. ಲೆಕ್ಕ ಮೊದಲನೆಯವರ ಕಡೆಗಿದೆ. ಆದರೂ ಶಿಕ್ಷಕಿ ಎರಡನೆಯವರನ್ನೇ ಹಿಡಿಯಬೇಕು.

ಏಕೆಂದರೆ ‘ಸಂಸ್ಕಾರ’ವನ್ನೋ ‘ಗ್ರಾಮಾಯಣ’ವನ್ನೋ ಮೆಚ್ಚದವರು ವಿರಳ. ಅಲ್ಲಿ ಅಭಿಪ್ರಾಯ ಕೂಡಿದರೆ ರುಚಿ ಕೂಡಿತು ಎಂದಾಗುವುದಿಲ್ಲ. ಪರೀಕ್ಷೆ ನಡೆಯುವುದು ನಾಲ್ಕು ಜನರ ಮಾತಿಗೆ ಓದುಗರ ಮನಸ್ಸು ಅಡ್ಡ ನಿಂತ ಕಡೆ. ಕಲಬುರಗಿ ಹತ್ತಿರದ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣರಿಗೆ ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟಿತು. ಅದರ ಕಲಬುರಗಿ ಸೀಮೆಯ ಮಾತು ಬೇರೆ ಕಡೆಯ ಓದುಗರಿಗೆ ತಡೆಯಾಗಬಹುದು, ಅವರು ಎರಡು ನಕ್ಷತ್ರ ಕೊಟ್ಟು ಮುಂದೆ ಹೋಗಬಹುದು. ಶಿಕ್ಷಕಿಗೆ ಅದು ಮನೆಯ ಮಾತು. ಪುಸ್ತಕದ ಅರ್ಧ ಸುಖ ಅಲ್ಲಿಯೇ ಇದೆ. ಆ ಸುಖವನ್ನು ಗುರುತಿಸಿದ ವಿಮರ್ಶಕರು ಮುಂದೆ ಇಂಥದೇ ಇನ್ನೊಂದು ಪುಸ್ತಕವನ್ನೂ ಗುರುತಿಸುತ್ತಾರೆ. ‘ಶಿಕಾರಿ’ಯ ಬಗೆಗಿನ ಅವರ ಮೆಚ್ಚುಗೆಯೂ ಉಪಯೋಗಕ್ಕೇ ಬರುತ್ತದೆ. ಮುಂಬಯಿಯ ಕಂಪನಿ ಜಗತ್ತು, ನಾಯಕನ ಮನಸ್ಸಿನೊಳಗೇ ಸುತ್ತುವ ತಳಮಳ, ಸಂಶಯ ಇವನ್ನೆಲ್ಲ ಅವರು ಬಿಡಿಸಿ ಹೇಳಿದ್ದರೆ, ತಾನು ಬಿಟ್ಟದ್ದು ಏಕೆಂದು ಶಿಕ್ಷಕಿಗೆ ಅದೇ ಬರಹದಲ್ಲಿ ತಿಳಿಯುತ್ತದೆ. ಇನ್ನು ಮೇಲೆ ಅವರು ‘ಒಳತೋಟಿಯ ಕಾದಂಬರಿ’ ಎಂದು ಹೊಗಳಿದ್ದನ್ನು ಕೊಳ್ಳದಿದ್ದರಾಯಿತು. ಮೊದಲನೆಯವರ ಒಂದು ಸಾಲಿನ ತೀರ್ಪು ಶಿಕ್ಷಕಿಯ ಅಭಿಪ್ರಾಯವೇ ಆಗಿದ್ದರೂ ಅದರಿಂದ ಮುಂದಿನ ಪುಸ್ತಕಕ್ಕೆ ದಾರಿ ಸಿಗುವುದಿಲ್ಲ.

ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ‘ಫೈಟ್ ಕ್ಲಬ್’ಗೆ ನಾಲ್ಕರಲ್ಲಿ ಎರಡೇ ನಕ್ಷತ್ರ ಕೊಟ್ಟು, ಹೆಬ್ಬಾವಿನ ಚಿತ್ರ ‘ಅನಕೊಂಡ’ಗೆ ಮೂರೂವರೆ ಕೊಟ್ಟವರು. ಅವರನ್ನು ವರ್ಷಗಟ್ಟಲೆ ಓದಿದವರು ಅವರಿಗೆ ಏನು ಹಿಡಿಸುತ್ತದೆ ಎಂದು ಅರಿತೇ ಚಿತ್ರಮಂದಿರಕ್ಕೆ ಹೋಗುತ್ತಿದ್ದರು.

ಎಚ್ಚರ ಬೇಕಾದದ್ದು ಎರಡು ಕಡೆ. ಮುನ್ನುಡಿ, ಬೆನ್ನುಡಿಗಳನ್ನು ಒರೆಗೆ ಹಚ್ಚಬಾರದು. ಅವು ಲೇಖಕರೋ ಪ್ರಕಾಶಕರೋ ಕೇಳಿ ಬರೆಸಿದವು. ದೊಡ್ಡ ವಿಮರ್ಶಕರೂ ಅಲ್ಲಿ ಮೆದುವಾಗುತ್ತಾರೆ. ವಿಮರ್ಶಕರು ತಾವಾಗಿ ಆರಿಸಿಕೊಂಡು ಬರೆದ ಲೇಖನ, ಅದರಲ್ಲೂ ಮೆಚ್ಚದ ಪುಸ್ತಕದ ಬಗ್ಗೆ ಬರೆದದ್ದು, ಅವರ ರುಚಿಯನ್ನು ಸರಿಯಾಗಿ ತೋರಿಸುತ್ತದೆ. ಎರಡನೆಯದಾಗಿ, ಕಾದಂಬರಿಯಲ್ಲಿ ನಂಬಿದವರನ್ನು ಕವಿತೆಯಲ್ಲೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕುರ್ತಕೋಟಿಯವರ ಬೇಂದ್ರೆ ಓದಿಗೆ ಮನಸೋತವರು ಕಾದಂಬರಿಗೆ ಬೇರೊಬ್ಬರ ಬಳಿ ಹೋಗಬಹುದು. ಕವಿತೆಗೆ ಒಬ್ಬರು, ಕಾದಂಬರಿಗೆ ಒಬ್ಬರು, ಆತ್ಮಕಥೆಗೆ ಇನ್ನೊಬ್ಬರು ಇದ್ದರೆ ತಪ್ಪೇನಿಲ್ಲ.

ಆಯ್ಕೆಯಾದ ವಿಮರ್ಶಕರು ಸೂಚಿಸಿದ, ತಾನು ಓದಿರದ ಮೂರು ಪುಸ್ತಕಗಳನ್ನು ಶಿಕ್ಷಕಿ ಮೊದಲು ಗ್ರಂಥಾಲಯದಿಂದ ಎರವಲು ತರಲಿ. ಎರಡು ಹಿಡಿಸಿದರೆ ನಾಲ್ಕನೆಯದನ್ನು ದುಡ್ಡು ಕೊಟ್ಟು ಕೊಳ್ಳಲಿ. ಮೂರೂ ಕೈಕೊಟ್ಟರೆ ಬೇರೊಬ್ಬರನ್ನು ಹುಡುಕುವುದೇ ಸರಿ.

ಕಲಬುರಗಿಯ ಓದುಗರೇ, ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ಕಾದಂಬರಿಯ ಕಪಾಟಿಗೆ ಹೋಗುವ ಮೊದಲು ವಿಮರ್ಶೆಯ ಕಪಾಟಿನ ಮುಂದೆ ನಿಲ್ಲಿ. ಒಂದು ವಿಮರ್ಶಾ ಸಂಕಲನ ತೆಗೆದು, ಎಲ್ಲರೂ ಹೊಗಳಿಯೂ ನಿಮಗೆ ಹಿಡಿಸದ ಪುಸ್ತಕದ ಹೆಸರು ಪರಿವಿಡಿಯಲ್ಲಿದೆಯೇ ನೋಡಿ. ಇದ್ದರೆ ಆ ಲೇಖನವನ್ನೇ ಮೊದಲು ಓದಿ.