ಬಸ್ರೂರಿನ ಲೂಟಿಗೆ ಸಾಕ್ಷಿ ಯಾರು?

ಗಂಗೊಳ್ಳಿಯ ಅಳಿವೆ ದಾಟಿ ಒಳಹೊಕ್ಕು, ವಾರಾಹಿಯ ಗುಂಟ ಮೇಲಕ್ಕೆ ಹೋದರೆ ಬಸ್ರೂರು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಈ ಬಂದರುಪೇಟೆಯನ್ನು ಲೂಟಿ ಮಾಡಿತು. ಈ ಘಟನೆ ನಮಗೆ ಗೊತ್ತಾಗಿರುವ ಮುಖ್ಯ ದಾರಿಗಳಲ್ಲಿ ಒಂದು, ಕಾರವಾರದ ಇಂಗ್ಲಿಷ್ ಕೋಠಿಯವರು ಅದೇ ವರ್ಷ ಮಾರ್ಚ್ 14ರಂದು ಸೂರತ್ತಿನ ಮೇಲಧಿಕಾರಿಗಳಿಗೆ ಬರೆದ ಪತ್ರ. ಇತಿಹಾಸದ ಪ್ರಶ್ನೆಪತ್ರಿಕೆಗಳಲ್ಲಿ ಈಗ ರೂಢಿಗೆ ಬಂದಿರುವ ಆಕರ ಆಧಾರಿತ ಪ್ರಶ್ನೆ ನಿಜಕ್ಕೂ ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂದು ನೋಡಲು ಈ ಪತ್ರಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕರಾವಳಿಯಲ್ಲಿ ನನಗೆ ಕಂಡಿಲ್ಲ.

ಸಿಬಿಎಸ್‌ಇ ಹನ್ನೆರಡನೆಯ ತರಗತಿಯ ಇತಿಹಾಸ ಪತ್ರಿಕೆ 80 ಅಂಕಗಳದ್ದು. ಅದರಲ್ಲಿ 12 ಅಂಕ ಆಕರಗಳಿಗೆ ಮೀಸಲು: ಮೂರು ಉದ್ಧೃತ ಭಾಗಗಳು, ಒಂದೊಂದಕ್ಕೂ ನಾಲ್ಕು ಅಂಕ. ವಿಜಯನಗರದ ಪಾಠವಿದ್ದರೆ ಡೊಮಿಂಗೊ ಪಾಯೆಸ್‌ನ ವರ್ಣನೆಯಂಥ ಭಾಗ ಬರುತ್ತದೆ. ಕೆಳಗಿನ ಪ್ರಶ್ನೆಗಳು ಹೆಚ್ಚಾಗಿ ಒಂದೇ ಜಾಡಿನವು. ಪೇಟೆಯಲ್ಲಿ ಏನೇನು ಮಾರುತ್ತಿದ್ದರು, ಲೇಖಕನಿಗೆ ಯಾವುದು ಅಚ್ಚರಿ ತಂದಿತು, ಇದರಿಂದ ನಗರದ ಸಂಪತ್ತಿನ ಬಗ್ಗೆ ಏನು ತಿಳಿಯುತ್ತದೆ. ಉತ್ತರಗಳೆಲ್ಲ ಉದ್ಧೃತ ಭಾಗದೊಳಗೇ ಇವೆ, ಹೆಕ್ಕಿ ಬರೆದರಾಯಿತು. ಇದು ಭಾಷಾ ಪತ್ರಿಕೆಯ ಗದ್ಯಭಾಗದ ಪ್ರಶ್ನೆ, ಇತಿಹಾಸದ್ದಲ್ಲ. ಹೀಗೆಂದು ಕಂಡುಹಿಡಿಯಲು ಸುಲಭದ ದಾರಿಯೊಂದಿದೆ. ಬರೆದವರು ಯಾರು, ಎಲ್ಲಿ, ಯಾವಾಗ, ಯಾರಿಗೆ ಎಂಬ ಸಾಲನ್ನು ಕೈಯಿಂದ ಮುಚ್ಚಿ ಉತ್ತರ ಬರೆಯಿರಿ. ಉತ್ತರ ಕೂದಲೆಳೆಯಷ್ಟೂ ಬದಲಾಗದಿದ್ದರೆ ಆ ಪ್ರಶ್ನೆ ಆಕರವನ್ನು ಪರೀಕ್ಷಿಸಿಲ್ಲ.

ಈಗ ಕಾರವಾರದ ಪತ್ರವನ್ನು ತೆಗೆದುಕೊಳ್ಳೋಣ. ಅದರ ಸಾರ ಹೀಗಿದೆ. ಫೆಬ್ರವರಿಯ ಆರಂಭದಲ್ಲಿ ಶಿವಾಜಿ 85 ಸಣ್ಣ ಹಡಗುಗಳು ಮತ್ತು ಮೂರು ದೊಡ್ಡ ಹಡಗುಗಳೊಂದಿಗೆ ಮಾಲವಣದಿಂದ ಹೊರಟು ಬಸ್ರೂರಿಗೆ ಬಂದ. ಅಲ್ಲಿ ತಡೆಯುವವರೇ ಇರಲಿಲ್ಲ, ಅಪಾರ ಸಂಪತ್ತು ಸಿಕ್ಕಿತು. ಮರಳುವಾಗ ಗೋಕರ್ಣದಲ್ಲಿ ಇಳಿದು ತೀರ್ಥಸ್ನಾನ ಮಾಡಿ, 4000 ಕಾಲಾಳುಗಳೊಂದಿಗೆ ಅಂಕೋಲಾದ ಮೇಲೆ ಕಾರವಾರದತ್ತ ನಡೆದ. ಆ ಹೊತ್ತಿಗೆ ಬಿಜಾಪುರದ ಕಡೆಯ ಶೇರ್ ಖಾನ್ ಕಾರವಾರಕ್ಕೆ ಬಂದಿದ್ದರಿಂದ ಊರು ಉಳಿಯಿತು. ಆದರೆ ವರ್ತಕರು ಸೇರಿ ಹಣ ಕೊಡಬೇಕಾಯಿತು, ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು.

ಈ ಪತ್ರ ಎಷ್ಟು ವಿಶ್ವಾಸಾರ್ಹ ಎಂದು ಕೇಳಿದರೆ, ತರಬೇತಿ ಪಡೆದ ವಿದ್ಯಾರ್ಥಿಯೂ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಿದ್ಧ ಉತ್ತರ ಬರೆಯುತ್ತಾನೆ: ಬರೆದವರು ಸಮಕಾಲೀನರು, ಹಾಗಾಗಿ ನಂಬಬಹುದು. ಇಲ್ಲವೇ, ಬರೆದವರು ಇಂಗ್ಲಿಷರು, ಪಕ್ಷಪಾತಿಗಳು, ಹಾಗಾಗಿ ನಂಬಲಾಗದು. ಎರಡೂ ಪತ್ರವನ್ನು ಓದದೆಯೇ ಬರೆಯಬಹುದಾದ ಉತ್ತರಗಳು. ಕಷ್ಟವೆಂದರೆ ಉತ್ತರಸೂಚಿ ಇವೆರಡಕ್ಕೂ ಅಂಕ ಕೊಡುತ್ತದೆ.

ಪತ್ರದೊಳಗೆ ಇಳಿದರೆ ಕಾಣುವುದೇ ಬೇರೆ. ಬರೆದವರು ಕಾರವಾರದಲ್ಲಿದ್ದರು. ಕಾರವಾರಕ್ಕೂ ಬಸ್ರೂರಿಗೂ ನಡುವೆ ಹೊನ್ನಾವರ, ಭಟ್ಕಳಗಳಿವೆ. ಬಸ್ರೂರಿನಲ್ಲಿ ಏನಾಯಿತೆಂಬುದು ಅವರಿಗೆ ಯಾರೋ ಹೇಳಿದ ಸುದ್ದಿ, ಕಾರವಾರದಲ್ಲಿ ಆದದ್ದು ಕಣ್ಣೆದುರಿನದು. ಒಂದೇ ಕೈ ಒಂದೇ ದಿನ ಬರೆದ ಕಾಗದದಲ್ಲಿ ಕೇಳಿದ್ದು ಎಲ್ಲಿ ಮುಗಿದು ಕಂಡದ್ದು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದೇ ಮೊದಲ ಪ್ರಶ್ನೆಯಾಗಬೇಕು. ಬಸ್ರೂರಿನ ಲೂಟಿಗೆ ಮೊತ್ತವಿಲ್ಲ, ಅಪಾರ ಎಂಬ ಮಾತಷ್ಟೇ ಇದೆ. ಕಾರವಾರಕ್ಕೆ ಬರುತ್ತಲೇ ಪೌಂಡುಗಳ ಲೆಕ್ಕ ಬರುತ್ತದೆ. ಗೆರೆ ಎಲ್ಲಿದೆ ಎಂಬುದನ್ನು ಪತ್ರದ ಮಾತೇ ತೋರಿಸಿಕೊಡುತ್ತದೆ.

ಎರಡನೆಯದು ಉದ್ದೇಶ. ಕಂಪನಿಯ ಹಣವನ್ನು ಕೋಠಿಯವರು ಪರರಿಗೆ ಕೊಟ್ಟಿದ್ದಾರೆ, ಅದನ್ನು ಮೇಲಿನವರಿಗೆ ಒಪ್ಪಿಸಬೇಕು. ಹಾಗಾಗಿ 112 ಎಂಬ ಅಂಕಿ ಗಟ್ಟಿ, ಏಕೆಂದರೆ ಅದು ಲೆಕ್ಕಪುಸ್ತಕದೊಂದಿಗೆ ತಾಳೆಯಾಗಲೇಬೇಕು. ಆದರೆ ಅದೇ ಕಾರಣಕ್ಕೆ 4000 ಎಂಬ ಅಂಕಿಯನ್ನು ಎಚ್ಚರದಿಂದ ಓದಬೇಕು. ಎದುರಾಳಿ ದೊಡ್ಡವನಾದಷ್ಟೂ ಹಣ ಕೊಟ್ಟದ್ದು ನ್ಯಾಯವೆನಿಸುತ್ತದೆ. ಸಂಖ್ಯೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಂದೇ ಹಿತಾಸಕ್ತಿ ಒಂದು ಅಂಕಿಯನ್ನು ನಂಬಲು ಕಾರಣವಾಗಿ, ಇನ್ನೊಂದನ್ನು ಅನುಮಾನಿಸಲೂ ಕಾರಣವಾಗುತ್ತದೆ. ಇದನ್ನು ಹೇಳಬಲ್ಲ ವಿದ್ಯಾರ್ಥಿಗೆ ದೃಷ್ಟಿಕೋನ ಎಂದರೇನೆಂದು ಅರ್ಥವಾಗಿದೆ. ಪಕ್ಷಪಾತಿ ಎಂಬ ಹಣೆಪಟ್ಟಿ ಹಚ್ಚಿ ಮುಂದೆ ಹೋದವನಿಗೆ ಅರ್ಥವಾಗಿಲ್ಲ.

ಮರಾಠರ ಕಡೆಯಿಂದ ಕೃಷ್ಣಾಜಿ ಅನಂತ ಸಭಾಸದನ ಬಖರು ಇದೆ. 1690ರ ದಶಕದಲ್ಲಿ, ಅಂದರೆ ಘಟನೆಯಾಗಿ ಸುಮಾರು 30 ವರ್ಷದ ಮೇಲೆ, ಜಿಂಜಿಯಲ್ಲಿದ್ದ ರಾಜಾರಾಮನಿಗಾಗಿ ಬರೆದದ್ದು. ತಂದೆಯ ಸಾಧನೆಯನ್ನು ಮಗನಿಗೆ ಒಪ್ಪಿಸುವ ಬರಹವದು, ಅಲ್ಲಿ ಲೂಟಿ ಕೋಟಿ ಹೊನ್ನಿನ ಲೆಕ್ಕದಲ್ಲಿದೆ. ಪತ್ರ ಮತ್ತು ಬಖರನ್ನು ಅಕ್ಕಪಕ್ಕ ಇಟ್ಟು ಎಲ್ಲಿ ಒಪ್ಪುತ್ತವೆ ಎಂದು ಕೇಳಬಹುದು. ಲೂಟಿ ನಡೆಯಿತು, ಸಿಕ್ಕದ್ದು ಬಹಳ ಎಂಬಲ್ಲಿ ಒಪ್ಪುತ್ತವೆ. ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಹೆಮ್ಮೆ. ಉದ್ದೇಶಗಳು ಹೀಗೆ ಎದುರುಬದುರಾದ ಎರಡು ಆಕರಗಳು ಒಂದೇ ಮಾತು ಹೇಳಿದಾಗ ಆ ಮಾತಿಗೆ ತೂಕ ಹೆಚ್ಚು. ಮೊತ್ತದ ವಿಷಯದಲ್ಲಿ ಮಾತ್ರ ಎರಡೂ ಸಾಲವು.

ಈ ಅಭ್ಯಾಸಕ್ಕೆ ನಮ್ಮ ಭಾಗದಲ್ಲಿ ಇನ್ನೊಂದು ಕೆಲಸವಿದೆ. ಶಿವಾಜಿ ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಿದ ಎಂಬ ಮಾತು ಇಲ್ಲಿ ಆಗಾಗ ಕೇಳಿಬರುತ್ತದೆ. ಬಸ್ರೂರಿನಲ್ಲೂ ಗಂಗೊಳ್ಳಿಯಲ್ಲೂ ಪೋರ್ಚುಗೀಸರ ಕೋಟೆಗಳಿದ್ದದ್ದು ನಿಜ. ಆದರೆ ಕೆಳದಿಯ ಶಿವಪ್ಪನಾಯಕ 1650ರ ದಶಕದ ಮೊದಲ ವರ್ಷಗಳಲ್ಲೇ ಅವರನ್ನು ಈ ಕರಾವಳಿಯ ಕೋಟೆಗಳಿಂದ ಹೊರಹಾಕಿದ್ದ. 1665ರಲ್ಲಿ ಬಸ್ರೂರು ಕೆಳದಿಯ ಬಂದರು. ಕಾಲಕ್ರಮ ಗೊತ್ತಿಲ್ಲದಿದ್ದರೆ, ಆಕರವನ್ನು ಎಷ್ಟು ಸೂಕ್ಷ್ಮವಾಗಿ ಓದಿದರೂ ಇದು ಹೊಳೆಯುವುದಿಲ್ಲ. ಆಕರ ಪ್ರಶ್ನೆ ಬಂದ ಮೇಲೆ ಇಸವಿಗಳನ್ನು ಕಲಿಸುವ ಅಗತ್ಯವಿಲ್ಲ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. ಬ್ರಿಟನ್ನಿನಲ್ಲಿ 1972ರ ಸ್ಕೂಲ್ಸ್ ಕೌನ್ಸಿಲ್ ಯೋಜನೆಯಿಂದ ಈ ಬಗೆಯ ಪ್ರಶ್ನೆಗಳು ಬೆಳೆದಾಗಲೂ ಇದೇ ತಕರಾರು ಎದ್ದಿತ್ತು. ಸುತ್ತಲಿನ ಕಥೆ ತಿಳಿಯದ ಮಕ್ಕಳ ಕೈಗೆ ತುಣುಕು ಕೊಟ್ಟರೆ, ಅವರು ತುಣುಕಿನ ಬಗ್ಗೆ ಸಿದ್ಧ ವಾಕ್ಯಗಳನ್ನೇ ಕಲಿಯುತ್ತಾರೆ.

ನಾಲ್ಕು ಅಂಕವನ್ನು ನಾನು ಹಂಚುವುದಾದರೆ ಹೀಗೆ ಹಂಚುತ್ತೇನೆ. ಪತ್ರದ ಯಾವ ಭಾಗ ಕಂಡದ್ದು, ಯಾವುದು ಕೇಳಿದ್ದು ಎಂದು ಗುರುತಿಸಲು ಒಂದು. ಬರೆದವರ ಹಿತಾಸಕ್ತಿ ಯಾವ ನಿರ್ದಿಷ್ಟ ಅಂಕಿಯನ್ನು ಮುಟ್ಟುತ್ತದೆ ಎಂದು ತೋರಿಸಲು ಎರಡು. ಪತ್ರ ಹೇಳದೆ ಬಿಟ್ಟದ್ದೇನು ಎಂಬುದಕ್ಕೆ ಉಳಿದ ಒಂದು. ಈ ಕೊನೆಯದಕ್ಕೆ ಗಂಗೊಳ್ಳಿಯ ಮಕ್ಕಳ ಬಳಿ ಪುಸ್ತಕದಲ್ಲಿಲ್ಲದ ತಿಳಿವಳಿಕೆ ಇದೆ. ಮೀನುಗಾರಿಕೆಯ ದೋಣಿಗಳೂ ಉಬ್ಬರ ಇಳಿತ ನೋಡಿಕೊಂಡು ದಾಟುವ ಅಳಿವೆ ಅದು. ಮೂರು ದೊಡ್ಡ ಹಡಗುಗಳು ಒಳಗೆ ಬಂದವೇ, ಹೊರಗೇ ಲಂಗರು ಹಾಕಿದವೇ, ದಾರಿ ತೋರಿಸಿದವರು ಯಾರು ಎಂಬುದು ಪತ್ರದಲ್ಲಿಲ್ಲ. ಬಸ್ರೂರಿನ ವರ್ತಕರ ಒಂದು ಮಾತೂ ಅದರಲ್ಲಿಲ್ಲ.