ಬೆಳಕಿನ ಸೆನ್ಸರ್‌ಗೆ ಯಾವಾಗ ರಜೆ ಕೊಡಬೇಕು?

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಬೀಡಿ, ನಂದಗಡ, ಖಾನಾಪುರದ ಕಡೆ ಫೋಟೊಗ್ರಾಫರ್‌ಗಳ ಬಾಯಲ್ಲಿ ಒಂದೇ ದೂರು. “ಲ್ಯಾಪ್‌ಟಾಪ್‌ನ್ಯಾಗ ಭಾರಿ ಬಂದಿತ್ರಿ, ಆಲ್ಬಮ್‌ನ್ಯಾಗ ಎಲ್ಲಾ ಕಪ್ಪಾಗೇತಿ.” ಬೈಗುಳ ಮಾತ್ರ ಬೆಳಗಾವಿಯ ಲ್ಯಾಬಿನವರಿಗೆ. ಲ್ಯಾಪ್‌ಟಾಪ್ ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಪಕ್ಕ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕೂತಿರುವ ಬೆಳಕಿನ ಸೆನ್ಸರ್ ಕಡೆ ಯಾರೂ ಬೆರಳು ತೋರಿಸುವುದಿಲ್ಲ. ಫೋಟೊ ಪಳಪಳ ಹೊಳೆದರೆ ಚೆನ್ನಾಗಿದೆ ಎಂದು ನಂಬುವ ಜನ ಅದನ್ನು ಗಮನಿಸುವುದಾದರೂ ಹೇಗೆ?

ಈ ಲೇಖಕನ ಕಣ್ಣು ತೆರೆಸಿದವರು ಬೆಳಗಾವಿಯ ಒಂದು ಲ್ಯಾಬಿನ ಹಳೆಯ ಆಪರೇಟರ್. ಅವರು ಮಾತಾಡಲಿಲ್ಲ. ಮದುಮಗಳ ಫೋಟೊ ಪರದೆಯ ಮೇಲಿತ್ತು. ಕ್ಯಾಮೆರಾದ ಪಕ್ಕಕ್ಕೆ ಹೆಬ್ಬೆರಳು ಒತ್ತಿ ಹಿಡಿದರು. ನೋಡನೋಡುತ್ತ ಪರದೆ ಮಂಕಾಯಿತು, ಮುಖದ ಮೇಲಿನ ಅರಿಶಿನದ ಕಳೆ ಇಳಿಯಿತು, ಇಳಕಲ್ ಸೀರೆಯ ಕೆಂಪು ಸೆರಗು ಕಂದು ಬಣ್ಣಕ್ಕೆ ತಿರುಗಿತು. ಬೆರಳು ತೆಗೆದರು, ಎಲ್ಲ ಮೆಲ್ಲಗೆ ಮರಳಿ ಬಂತು. ಫೈಲಿನಲ್ಲಿ ಒಂದು ಚುಕ್ಕೆಯೂ ಬದಲಾಗಿರಲಿಲ್ಲ. “ಈಗ ಹೇಳ್ರಿ, ಯಾವ್ದು ನೋಡಿ ಕರೆಕ್ಷನ್ ಮಾಡಿದ್ರಿ?” ಎಂದರು. ಅಂಗಡಿಯಲ್ಲಿ ಕೂತಿದ್ದ ಮೂವರು ಫೋಟೊಗ್ರಾಫರ್‌ಗಳಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಲೆಕ್ಕ ಹೀಗಿದೆ. ಬೀಡಿಯ ಒಂದು ಮದುವೆಯ ಫೋಟೊಗಳನ್ನು ಒಬ್ಬರು ಎರಡು ಪಾಳಿಯಲ್ಲಿ ತಿದ್ದುತ್ತಾರೆ ಎಂದುಕೊಳ್ಳೋಣ. ಮಧ್ಯಾಹ್ನ ಕಿಟಕಿಯ ಹತ್ತಿರ ಕೂತಾಗ ಸೆನ್ಸರ್‌ಗೆ ಬೆಳಕು ಧಾರಾಳವಾಗಿ ಸಿಗುತ್ತದೆ. ಅದು ಪರದೆಯನ್ನು 300 ನಿಟ್‌ವರೆಗೆ ಏರಿಸುತ್ತದೆ. ರಾತ್ರಿ ಒಂದೇ ಬಲ್ಬಿನ ಕೋಣೆಯಲ್ಲಿ ಅದೇ ಪರದೆ 60 ನಿಟ್‌ಗೆ ಇಳಿಯುತ್ತದೆ. ನಡುವೆ ಐದು ಪಟ್ಟು ಅಂತರ, ಕ್ಯಾಮೆರಾದ ಭಾಷೆಯಲ್ಲಿ ಎರಡು ಸ್ಟಾಪ್‌ಗಿಂತ ಹೆಚ್ಚು. ಕಣ್ಣು ಹೊಂದಿಕೊಳ್ಳುವುದರಿಂದ ಅಷ್ಟೂ ತಪ್ಪು ಫೈಲಿಗೆ ಇಳಿಯುವುದಿಲ್ಲ, ಆದರೆ ಒಂದಷ್ಟು ಇಳಿದೇ ಇಳಿಯುತ್ತದೆ. ಮಧ್ಯಾಹ್ನ ಪರದೆ ಉರಿಯುತ್ತಿರುವಾಗ ಮುಖ ಜಾಸ್ತಿ ಬೆಳ್ಳಗೆ ಕಾಣುತ್ತದೆ, ಕೈ ತಾನಾಗಿ ಎಕ್ಸ್‌ಪೋಶರ್ ತಗ್ಗಿಸುತ್ತದೆ. ರಾತ್ರಿ ಮಂಕು ಪರದೆಯಲ್ಲಿ ಅದೇ ಕೈ ಅದನ್ನು ಏರಿಸುತ್ತದೆ. ಒಂದೇ ಹಂದರದಲ್ಲಿ, ಒಂದೇ ಬೆಳಕಿನಲ್ಲಿ ತೆಗೆದ ಎರಡು ಫೋಟೊಗಳಲ್ಲಿ ಮದುಮಗಳ ಕೆನ್ನೆಯ ಕೆಂಪು ಚಾನೆಲ್ ಮಧ್ಯಾಹ್ನದ ಫೈಲಿನಲ್ಲಿ 190, ರಾತ್ರಿಯ ಫೈಲಿನಲ್ಲಿ 225 ಬಂದರೆ ಸುಮಾರು ಅರ್ಧ ಸ್ಟಾಪ್ ವ್ಯತ್ಯಾಸ. ಆಲ್ಬಮ್‌ನ ಎದುರುಬದುರು ಪುಟಗಳಲ್ಲಿ ಇವು ಬಂದಾಗ ಮದುಮಗಳ ತಾಯಿಗೂ ಗೊತ್ತಾಗುತ್ತದೆ.

ಹಾಗಾಗಿ ಪತ್ತೆ ಹಚ್ಚಲು ಕಣ್ಣನ್ನು ನಂಬಬಾರದು, ಅಂಕಿಯನ್ನು ನಂಬಬೇಕು. ಲೈಟ್‌ರೂಮ್‌ನಲ್ಲಿ, ಕ್ಯಾಮೆರಾ ರಾದಲ್ಲಿ ಮೌಸ್ ಇಟ್ಟ ಜಾಗದ ಬಣ್ಣದ ಅಂಕಿ ಕಾಣುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ತಿದ್ದಿದ, ಒಂದೇ ಬೆಳಕಿನ ಎರಡು ಚಿತ್ರಗಳಲ್ಲಿ ಒಂದೇ ಕೆನ್ನೆಯನ್ನು ಅಳೆದು ನೋಡಿದರೆ ಸಾಕು. ಮಧ್ಯಾಹ್ನದ ಫೈಲುಗಳೆಲ್ಲ ಒಂದು ಕಡೆ, ರಾತ್ರಿಯವೆಲ್ಲ ಇನ್ನೊಂದು ಕಡೆ ವಾಲಿದ್ದರೆ ಲ್ಯಾಬಿನವರನ್ನು ಬೈಯುವ ಮೊದಲು ಸೆಟ್ಟಿಂಗ್ಸ್ ತೆರೆಯಬೇಕು.

ವಿಂಡೋಸ್ 11ರಲ್ಲಿ ಜಾಗ ಇದು:

```
Settings > System > Display > Brightness
Change brightness automatically when lighting changes
Change brightness based on content
```

ಮೊದಲನೆಯದು ಸೆನ್ಸರ್‌ನ ಆಟ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸೆನ್ಸರೇ ಇರುವುದಿಲ್ಲ, ಆ ಸಾಲೂ ಕಾಣುವುದಿಲ್ಲ. ನಮ್ಮದರಲ್ಲಿ ಆ ಕಾಟ ಇಲ್ಲ ಎಂದು ನಿಟ್ಟುಸಿರು ಬಿಡುವವರನ್ನು ಎರಡನೆಯದು ಕಾಯುತ್ತಿರುತ್ತದೆ. ಅದಕ್ಕೆ ಕೋಣೆಯ ಬೆಳಕು ಬೇಕಿಲ್ಲ. ಪರದೆಯ ಮೇಲಿನ ಚಿತ್ರ ಕಪ್ಪಾಗಿದ್ದರೆ ಬ್ಯಾಟರಿ ಉಳಿಸಲು ಹಿಂಬೆಳಕನ್ನೇ ಇಳಿಸುತ್ತದೆ. ಪರೀಕ್ಷೆ ಸುಲಭ: ಕಪ್ಪು ಹಿನ್ನೆಲೆಯ ನಡುವೆ ಬೂದು ಚೌಕವೊಂದನ್ನಿಟ್ಟು, ಹಿನ್ನೆಲೆಯನ್ನು ಥಟ್ಟನೆ ಬಿಳಿ ಮಾಡಿ. ಚೌಕ ಒಮ್ಮೆಲೇ ಕಪ್ಪಾದಂತೆ ಕಂಡು ನಿಂತರೆ ಅದು ಕಣ್ಣಿನ ಭ್ರಮೆ; ಅದು ಎಲ್ಲರಿಗೂ ಆಗುವಂಥದ್ದು. ಆಮೇಲೂ ಒಂದೆರಡು ಸೆಕೆಂಡು ಮೆಲ್ಲಗೆ ಜಾರುತ್ತಲೇ ಇದ್ದರೆ ಅದು ಯಂತ್ರದ ಕೈವಾಡ. ಅದನ್ನೂ Off ಮಾಡಿ. ಚಾರ್ಜರ್ ಕಿತ್ತಾಗ ಬೆಳಕು ಇಳಿಯುವುದು ಇನ್ನೊಂದು ಪೀಡೆ. ಕರೆಂಟ್ ಹೋದಾಗ ಚಾರ್ಜರ್ ಕಿತ್ತಂತೆಯೇ ಆಗುತ್ತದೆ. ನಮ್ಮ ಊರಲ್ಲಿ ಅದನ್ನು ಮರೆಯುವಂತಿಲ್ಲ.

ಮ್ಯಾಕ್‌ಬುಕ್‌ನವರಿಗೆ Automatically adjust brightness ಜೊತೆ True Tone ಕೂಡ ಇದೆ. ಅದು ಪರದೆಯ ಬಿಳಿಯನ್ನೇ ಕೋಣೆಯ ಬೆಳಕಿಗೆ ಹೊಂದಿಸುತ್ತದೆ. ಹಳದಿ ಬಲ್ಬಿನ ಕೆಳಗೆ ಪರದೆ ಹಳದಿಯಾಗುತ್ತದೆ. ತಿದ್ದುವವರು ಹಳದಿ ಕಡಿಮೆ ಮಾಡುತ್ತಾರೆ. ಶಹಾಪುರ ಸೀರೆಯ ಜರಿ ಆಲ್ಬಮ್‌ನಲ್ಲಿ ನೀಲಿ ಹೊಡೆಯುತ್ತದೆ. ಓದಲು ಹಿತ, ಬಣ್ಣಕ್ಕೆ ವಿಷ.

ಹಾಗಂತ ಸದಾ ಆಫ್ ಇಟ್ಟುಕೊಂಡು ಬೀಗುವುದೂ ಬೇಡ. ಸಾವಿರ ಫೋಟೊಗಳಲ್ಲಿ ಕಣ್ಣು ಮುಚ್ಚಿದವನ್ನು, ಫೋಕಸ್ ತಪ್ಪಿದವನ್ನು ಕಿತ್ತು ಹಾಕುವಾಗ, ಹೆಸರು ಕೊಡುವಾಗ, ಪುಟ ಜೋಡಿಸುವಾಗ ಸೆನ್ಸರ್ ಇರಲಿ, ಕಣ್ಣಿಗೂ ಬ್ಯಾಟರಿಗೂ ಒಳ್ಳೆಯದು. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಮುಖದ ಬಣ್ಣ ಮುಟ್ಟುವ ಗಳಿಗೆಗೆ ಅದು ಆಫ್ ಆಗಿರಬೇಕು. ಕ್ಯಾಲಿಬ್ರೇಟರ್ ಪರದೆಗೆ ಹಚ್ಚುವ ಮೊದಲಂತೂ ಕಡ್ಡಾಯ, ಇಲ್ಲದಿದ್ದರೆ ಅಳತೆ ನಡೆಯುತ್ತಿರುವಾಗಲೇ ಅಳೆಯುವ ವಸ್ತು ಓಡಾಡುತ್ತಿರುತ್ತದೆ.

ಆಫ್ ಮಾಡಿದ ಮೇಲೆ ಬೆಳಕನ್ನು ಎಲ್ಲಿ ನಿಲ್ಲಿಸಬೇಕು? ಪ್ರಿಂಟ್‌ಗೆ ಹೋಗುವ ಕೆಲಸಕ್ಕೆ 80ರಿಂದ 120 ನಿಟ್ ವಾಡಿಕೆ. ಅಳೆಯುವ ಉಪಕರಣ ಇಲ್ಲದವರು ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಮಟ್ಟದಲ್ಲಿ ಕಾಣುವವರೆಗೆ ಹೊಂದಿಸಲಿ. ಮೇಜಿನ ಮೇಲೆ 400 ಲಕ್ಸ್ ಬೆಳಕಿದ್ದರೆ ಒಳ್ಳೆಯ ಬಿಳಿ ಹಾಳೆ ಸುಮಾರು 110 ನಿಟ್‌ನಷ್ಟು ಹೊಳೆಯುತ್ತದೆ, ಹಾಗಾಗಿ ಈ ಉಪಾಯ ದಾರಿ ತಪ್ಪಿಸುವುದಿಲ್ಲ.

ಆದರೆ ಇಲ್ಲೇ ಸಲಹೆಯ ಮಿತಿಯೂ ಇದೆ. ಪರದೆ ನಿಂತರೂ ಕೋಣೆ ನಿಲ್ಲದಿದ್ದರೆ ಫಲವಿಲ್ಲ. ಖಾನಾಪುರ ಸೀಮೆಯ ಮಳೆಗಾಲದಲ್ಲಿ ಒಂದೇ ಗಂಟೆಯಲ್ಲಿ ಮೋಡ ಕವಿದು ಬಿಸಿಲು ಬಂದು ಮತ್ತೆ ಕವಿಯುತ್ತದೆ. 110 ನಿಟ್‌ಗೆ ಕಟ್ಟಿದ ಪರದೆ ಬಿಸಿಲಿಗೆ ಮಂಕು, ಕತ್ತಲಿಗೆ ಉರಿ. ಸೆನ್ಸರ್ ತಪ್ಪು ಮಾಡುತ್ತಿದ್ದುದನ್ನು ಈಗ ಕಣ್ಣೇ ಮಾಡುತ್ತದೆ. ಹಾಗಾಗಿ ಕಿಟಕಿಗೆ ದಪ್ಪ ಪರದೆ, ಹಗಲೂ ರಾತ್ರಿಯೂ ಅದೇ ಟ್ಯೂಬ್‌ಲೈಟ್. ಅದು ಹಾಗೆಯೇ ಉರಿಯುತ್ತಿರುವಾಗಲೇ ಬಿಳಿ ಹಾಳೆಯ ಪರೀಕ್ಷೆ ಮಾಡಬೇಕು. ಬೆಳಕು ಪರದೆಯ ಮೇಲೆ ನೇರ ಬೀಳದಂತೆ ಮೇಜು ತಿರುಗಿಸಿಕೊಳ್ಳಿ. ಗುಲಾಬಿ ಗೋಡೆಯ ಸ್ಟುಡಿಯೊದವರು ಕನಿಷ್ಠ ಲ್ಯಾಪ್‌ಟಾಪ್‌ನ ಹಿಂದಿನ ಗೋಡೆಗಾದರೂ ಬೂದು ಬಟ್ಟೆ ಕಟ್ಟಲಿ.

ಇನ್ನು ಮನೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಫೋಟೊ. ಅವರ ಫೋನಿನಲ್ಲೂ ಸೆನ್ಸರ್ ಇದೆ, ಅದನ್ನು ಬೀಡಿಯಲ್ಲಿ ಕೂತ ಯಾರೂ ಆಫ್ ಮಾಡಲಾರರು. ಬಣ್ಣದ ಒಪ್ಪಿಗೆ ಬೇಕಿದ್ದರೆ ಫೋನಿನ ಮೇಲೆ ಕೇಳಬೇಡಿ. ಆಲ್ಬಮ್ ಹಾಳೆಯ ಮೇಲೆ ಎರಡು ಮುಖ, ಒಂದು ಸೆರಗು ಇರುವ ಸಣ್ಣ ಪ್ರಿಂಟ್ ತೆಗೆಸಿ, ಅದೇ ಟ್ಯೂಬ್‌ಲೈಟ್ ಕೆಳಗೆ ಕೈಗೆ ಕೊಡಿ.