ಅಂಕಿ ತಿದ್ದಿದರೆ ಸಾಲದು: ಕೊಬ್ಬರಿ ಕ್ಯಾರೋಸೆಲ್‌ನ ಮರುಪ್ರಕಟಣೆ

ಇನ್‌ಸ್ಟಾಗ್ರಾಂನಲ್ಲಿ ಕೃಷಿ ಮಾಹಿತಿ ಕೊಡುವವರು ಹಳೆಯ ಕ್ಯಾರೋಸೆಲ್‌ನ ಅಂಕಿಗಳನ್ನು ತಿದ್ದಿ, ಮುಖಪುಟ ಬದಲಿಸಿ ಮತ್ತೆ ಹಾಕುವುದುಂಟು. ಪದ್ಧತಿ ಒಳ್ಳೆಯದೇ. ಆದರೆ ತಿದ್ದುವ ಕೈ ಅಂಕಿಯ ಹತ್ತಿರವೇ ನಿಂತುಬಿಟ್ಟರೆ, ಹೊಸ ಅಂಕಿಯ ಕೆಳಗೆ ಹಳೆಯ ಸಲಹೆ ಹಾಗೇ ಉಳಿಯುತ್ತದೆ. ಇದಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿಗಿಂತ ಒಳ್ಳೆಯ ಉದಾಹರಣೆ ಸಿಗದು.

2024ರ ಆರಂಭದಲ್ಲಿ ಸಂಪಿಗೆ ಊರಿನ ಒಬ್ಬ ಬೆಳೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕ್ಯಾರೋಸೆಲ್ ಒಂದನ್ನು ಊಹಿಸಿಕೊಳ್ಳೋಣ. ಮೊದಲರ್ಧದಲ್ಲಿ ಉಂಡೆ ಕೊಬ್ಬರಿ ಮಾಡುವ ಕ್ರಮ: ಬಲಿತ ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇಡುವುದು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ಕಾಯುವುದು, ಅಲ್ಲಾಡಿಸಿದಾಗ ಒಳಗೆ ಉಂಡೆ ಉರುಳುವ ಸದ್ದು ಕೇಳಿದ ಮೇಲೆ ಸುಲಿದು ಚಿಪ್ಪು ಒಡೆಯುವುದು. ಉಳಿದರ್ಧದಲ್ಲಿ ಮಾರಾಟ: ಬೆಂಬಲ ಬೆಲೆ 12,000 ರೂಪಾಯಿ, ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಿ, ಮಾರುಕಟ್ಟೆಯಲ್ಲಿ ಅವಸರಪಟ್ಟು ಮಾರಬೇಡಿ. ಆಗ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲ್‌ಗೆ ಹತ್ತು ಸಾವಿರದ ಕೆಳಗೆ ಬಿದ್ದಿತ್ತು. ಸಲಹೆ ಸರಿಯಾಗಿತ್ತು.

ಮರುವರ್ಷ ಇದನ್ನು ತಿದ್ದಲು ಕೂತವರು 12,000 ಅಳಿಸಿ 12,100 ಬರೆಯುತ್ತಾರೆ. 2025ರ ಹಂಗಾಮಿಗೆ ಕೇಂದ್ರ ಘೋಷಿಸಿದ್ದು ಅಷ್ಟೇ, ಅಂಕಿ ಸರಿ. ಆದರೆ ಅದೇ ವರ್ಷದ ಮಧ್ಯಭಾಗದಲ್ಲಿ ತಿಪಟೂರಿನ ಧಾರಣೆ 25,000 ದಾಟಿತು. ಆ ಹೊತ್ತಿಗೆ ‘ನೋಂದಾಯಿಸಿ, ಕಾಯಿರಿ’ ಎಂಬ ಮಾತು ಬೆಳೆಗಾರನಿಗೆ ಅರ್ಧ ಬೆಲೆಯ ದಾರಿ ತೋರಿಸುವ ಕೈಕಂಬ. ಪ್ರತಿ ಅಂಕಿಯೂ ನಿಜ, ಒಟ್ಟು ಸಲಹೆ ತಪ್ಪು. ಅದಕ್ಕೇ ತಿದ್ದುವಾಗ ಪ್ರತಿ ಚಿತ್ರಕ್ಕೂ ಎರಡು ಪ್ರಶ್ನೆ ಕೇಳಬೇಕು: ಇಲ್ಲಿನ ಅಂಕಿ ಈಗಲೂ ನಿಜವೇ? ಈ ಸಲಹೆ ಯಾವ ಪರಿಸ್ಥಿತಿಯ ಮೇಲೆ ನಿಂತಿತ್ತು, ಅದು ಈಗಲೂ ಇದೆಯೇ? ಅಟ್ಟದ ಚಿತ್ರ ಎರಡರಲ್ಲೂ ಪಾಸಾಗುತ್ತದೆ. ಮಾರಾಟದ ಚಿತ್ರ ಎರಡನೆಯದರಲ್ಲಿ ಬೀಳುತ್ತದೆ. ಅದನ್ನು ‘ಮಾರುಕಟ್ಟೆ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿದ್ದರೆ ಮಾತ್ರ ಖರೀದಿ ಕೇಂದ್ರದ ಕಡೆ ನೋಡಿ’ ಎಂದು ಬರೆದರೆ ಬೆಲೆ ಏರಿದರೂ ಇಳಿದರೂ ಮಾತು ನಿಲ್ಲುತ್ತದೆ.

ಇನ್ನು ಮುಖಪುಟ. 2025ರ ಆರಂಭದಲ್ಲಿ ಇನ್‌ಸ್ಟಾಗ್ರಾಂ ಪ್ರೊಫೈಲ್‌ನ ಚೌಕ ಮನೆಗಳು ಉದ್ದವಾದವು. ಹಳೆಯ ಚೌಕ ಮುಖಪುಟದ ಎಡಬಲ ಅಂಚು ಅಲ್ಲಿ ಕತ್ತರಿಸಿಹೋಗುತ್ತದೆ. ಅಂಚಿನವರೆಗೆ ಚಾಚಿದ ಶೀರ್ಷಿಕೆಯ ಮೊದಲಕ್ಷರ, ಕೊನೆಯಕ್ಷರ ಕಾಣುವುದೇ ಇಲ್ಲ. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ ಸಾಲಿನ ಅಂತರವನ್ನೇ ಉಳಿಸಿಕೊಂಡರೆ ‘ಕ್ವಿಂಟಾಲ್’, ‘ಕೊಬ್ಬರಿ’ಗಳ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಫೋನಿನಲ್ಲಿ ಹೆಬ್ಬೆರಳಗಲಕ್ಕೆ ಚಿಕ್ಕದು ಮಾಡಿ ಓದಿದರೆ ದೋಷ ತಕ್ಷಣ ತಿಳಿಯುತ್ತದೆ.

ಮುಖಪುಟದ ಮಾತಿನ ವಿಷಯಕ್ಕೆ ಬಂದರೆ, ಬಹಳ ಮಂದಿ ‘ಈಗಿನ ಬೆಲೆ’ ಎಂದು ಬರೆಯುತ್ತಾರೆ. ಇದು ದೊಡ್ಡ ತಪ್ಪು. ನಮ್ಮ ಕಡೆ ಇಂಥ ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಒಂಟಿಯಾಗಿ ಓಡಾಡುತ್ತವೆ. ಯಾರೋ ಮಾರಾಟದ ಚಿತ್ರವೊಂದನ್ನೇ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ದಿನಾಂಕ, ವಿವರಣೆ ಎರಡೂ ಹಿಂದೆ ಉಳಿಯುತ್ತವೆ. ಬೆಲೆಯಿರುವ ಪ್ರತಿ ಚಿತ್ರದ ಒಳಗೇ ‘2025ರ ಹಂಗಾಮು’ ಎಂಬಷ್ಟು ಬರೆದಿದ್ದರೆ ಓದುವವನು ಮೋಸಹೋಗುವುದಿಲ್ಲ. ಅಡಿಯಲ್ಲಿ ‘ತಿದ್ದಿದ್ದು’ ಎಂದು ತಿಂಗಳು ಹಾಕಿದರೆ ಇನ್ನೂ ಒಳ್ಳೆಯದು.

ಮರುಪ್ರಕಟಣೆಯ ನಿಜವಾದ ಮಿತಿ ಇರುವುದು ಹಳೆಯ ಪೋಸ್ಟ್‌ನಲ್ಲಿ. ಇನ್‌ಸ್ಟಾಗ್ರಾಂನಲ್ಲಿ ಪ್ರಕಟವಾದ ಕ್ಯಾರೋಸೆಲ್‌ನ ವಿವರಣೆ ತಿದ್ದಬಹುದು, ಬೇಡದ ಚಿತ್ರ ಅಳಿಸಬಹುದು. ಒಂದು ಚಿತ್ರ ತೆಗೆದು ಅದೇ ಜಾಗಕ್ಕೆ ತಿದ್ದಿದ್ದನ್ನು ಇಡಲು ಬರುವುದಿಲ್ಲ. ಆದ್ದರಿಂದ ಹೊಸದು ಬೇರೆಯೇ ಪೋಸ್ಟ್ ಆಗುತ್ತದೆ. ಹಳೆಯದನ್ನು ‘ಸೇವ್’ ಮಾಡಿಟ್ಟವರ ಬಳಿ ಹಳೆಯದೇ ಇರುತ್ತದೆ. ಹೆಚ್ಚಿನವರು ಇಲ್ಲಿ ಕೈಬಿಡುತ್ತಾರೆ: ಹೊಸದನ್ನು ಹಾಕಿ, ಹಳೆಯದನ್ನು ಅದರ ಪಾಡಿಗೆ ಬಿಡುತ್ತಾರೆ. ಮಾಡಬೇಕಾದ್ದು ಚಿಕ್ಕದು. ಹಳೆಯದರ ಮಾರಾಟದ ಚಿತ್ರ ಅಳಿಸಿ, ವಿವರಣೆಯ ಮೊದಲ ಸಾಲಿನಲ್ಲೇ ‘ಇದು 2024ರ ಮಾಹಿತಿ, ಹೊಸದು ನಮ್ಮ ಪುಟದಲ್ಲಿದೆ’ ಎಂದು ಬರೆಯುವುದು. ಕೊಬ್ಬರಿ ಮಾಡುವ ಕ್ರಮ ಮಾತ್ರ ಉಳಿದ ಆ ಪೋಸ್ಟ್ ಯಾವ ವರ್ಷ ಓದಿದರೂ ಹಾನಿಯಿಲ್ಲ.

2026ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,500 ರೂಪಾಯಿ. ಇದನ್ನು ಹಳೆಯ ಚಿತ್ರದಲ್ಲಿ ಹಾಕಲು ಹೊರಟವರು ಮೊದಲು ಆ ದಿನದ ತಿಪಟೂರು ಧಾರಣೆ ನೋಡಲಿ. ಸಲಹೆ ಅದಕ್ಕೆ ಹೊಂದದಿದ್ದರೆ ಆ ಚಿತ್ರವನ್ನು ಪೂರ್ತಿ ಹೊಸದಾಗಿ ಬರೆಯಲಿ.